2,400 ಪೀಸಿಗೆ ಒಂದೇ ಬಾಕ್ಸ್: ಜರ್ಮನಿಯಿಂದ ಬಂದ ಫೈಲಿನಲ್ಲಿ ಕಾಮಾ ಮಾಡಿದ ಕೆಲಸ

"ಮೇಡಂ, ಈ ಪ್ಯಾಕಿಂಗ್ ಶೀಟ್ ಒಂದ್ಸಲ ನೋಡಿ. ಹನ್ನೊಂದು ಐಟಂ ಇದೆ, ಎಲ್ಲದಕ್ಕೂ ಒಂದೊಂದೇ ಬಾಕ್ಸ್ ಅಂತ ಬಂದಿದೆ. 2,400 ಫ್ಲ್ಯಾಂಜ್ ಒಂದು ಬಾಕ್ಸಲ್ಲಿ ಹೇಗೆ ಹಿಡಿಸೋದು?"

ನಮ್ಮ ಸ್ಟೋರ್ಸ್ ನೋಡಿಕೊಳ್ಳುವ ಅಣ್ಣ ಹೀಗೆ ಕೇಳಿದಾಗ ಸಂಜೆ ಐದೂವರೆ. ಮರುದಿನ ಬಾಕ್ಸ್ ಆರ್ಡರ್ ಹೋಗಬೇಕಿತ್ತು. ಆ ಶೀಟಿನಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ಎರರ್ ಇದ್ದದ್ದು ಬೆಳಿಗ್ಗೆ. ಅದನ್ನು ನಾನೇ ಕೂತು ಸರಿ ಮಾಡಿದ್ದೆ, ಮುಗಿಯಿತು ಅಂದುಕೊಂಡಿದ್ದೆ.

ಪೀಣ್ಯದಲ್ಲಿ ಲೇತ್ ಮತ್ತು ಸಿಎನ್‌ಸಿ ಕೆಲಸ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ, ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಜರ್ಮನಿಯ ಒಂದು ಕಂಪನಿಗೆ ಫ್ಲ್ಯಾಂಜ್, ಬುಷ್ ಹೋಗುತ್ತವೆ. ಅವರು ಪ್ರತಿ ತಿಂಗಳು ಆರ್ಡರ್ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಕಳಿಸುತ್ತಾರೆ. ಪಾರ್ಟ್ ನಂಬರ್, ಒಂದು ಪೀಸಿನ ತೂಕ ಕೆಜಿಯಲ್ಲಿ, 100 ಪೀಸಿನ ಬೆಲೆ ಯೂರೋದಲ್ಲಿ, ಬೇಕಾದ ಸಂಖ್ಯೆ. ಇಷ್ಟೇ ನಾಲ್ಕು ಕಾಲಂ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಹೀಗೆ ಕಾಣುತ್ತದೆ. ಅಂಕಿ ಉದಾಹರಣೆಗೆ, ರೂಪ ಮಾತ್ರ ಅದೇ:

```
Teil;Gewicht;Preis;Menge
F-101;1,250;1.284,60;2.400
F-102;1,075;1.140,00;1.600
```

ಮೊದಲನೇ ಸಾಲನ್ನು ಜರ್ಮನಿಯವರು ಓದುವುದು ಹೀಗೆ: ತೂಕ ಒಂದೂಕಾಲು ಕೆಜಿ, ಬೆಲೆ ಸಾವಿರದ ಇನ್ನೂರ ಎಂಬತ್ತನಾಲ್ಕು ಯೂರೋ ಅರವತ್ತು ಸೆಂಟ್, ಸಂಖ್ಯೆ ಎರಡು ಸಾವಿರದ ನಾನೂರು. ಅಲ್ಲಿ ದಶಾಂಶಕ್ಕೆ ಕಾಮಾ, ಸಾವಿರ ಬಿಡಿಸಲು ಚುಕ್ಕಿ. ನಮ್ಮದಕ್ಕೆ ಪೂರಾ ಉಲ್ಟಾ. ನಮಗೆ ಶಾಲೆಯಲ್ಲಿ ಅದರ ಹೆಸರೇ "ದಶಾಂಶ ಬಿಂದು", ಹೆಸರಿನಲ್ಲೇ ಚುಕ್ಕಿ ಕೂತಿದೆ. ಅವರು ಬಾಯಲ್ಲಿ ಹೇಳುವಾಗಲೂ "ಐನ್ಸ್ ಕೊಮಾ ಸ್ವೈ" ಅಂತ ಕಾಮಾ ಸೇರಿಸಿಯೇ ಹೇಳುತ್ತಾರೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ 2003ರಲ್ಲಿ ಚುಕ್ಕಿ, ಕಾಮಾ ಎರಡನ್ನೂ ದಶಾಂಶ ಚಿಹ್ನೆಯಾಗಿ ಒಪ್ಪಿಕೊಂಡಿದೆ. ಆದರೆ ಒಂದು ಕಂಪ್ಯೂಟರ್ ಒಂದು ಸಲಕ್ಕೆ ಒಂದನ್ನೇ ಒಪ್ಪುತ್ತದೆ. ಯಾವುದನ್ನು ಅನ್ನೋದು ವಿಂಡೋಸಿನ ರೀಜನ್ ಸೆಟ್ಟಿಂಗಿನಲ್ಲಿ ಬರೆದಿರುತ್ತದೆ.

ಆ ಸೆಟ್ಟಿಂಗನ್ನು ಕಣ್ಣಾರೆ ನೋಡಬಹುದು. ವಿಂಡೋಸ್ ಕೀ ಜೊತೆ R ಒತ್ತಿ `intl.cpl` ಅಂತ ಟೈಪ್ ಮಾಡಿ ಎಂಟರ್ ಕೊಡಿ. ತೆರೆದ ಕಿಟಕಿಯಲ್ಲಿ `Additional settings` ಒತ್ತಿ. ಅಲ್ಲಿ ಮೂರು ಸಾಲು ಮುಖ್ಯ: `Decimal symbol`, `Digit grouping symbol`, `List separator`. ನನ್ನ ಕಂಪ್ಯೂಟರಿನಲ್ಲಿ ಕ್ರಮವಾಗಿ ಚುಕ್ಕಿ, ಕಾಮಾ, ಕಾಮಾ. ಜರ್ಮನ್ ಕಂಪ್ಯೂಟರಿನಲ್ಲಿ ಕಾಮಾ, ಚುಕ್ಕಿ, ಸೆಮಿಕೋಲನ್. ದಶಾಂಶಕ್ಕೆ ಕಾಮಾ ಬಳಸಿದ ಮೇಲೆ ಕಾಲಂಗಳನ್ನು ಬಿಡಿಸಲು ಅದೇ ಕಾಮಾ ಬಳಸಿದರೆ ಗೊಂದಲ ಆಗುತ್ತದೆ, ಅಲ್ವಾ? ಅದಕ್ಕೇ ಅಲ್ಲಿ ಸೆಮಿಕೋಲನ್. ಫಾರ್ಮುಲಾದ ಒಳಗೂ ಸಿಎಸ್‌ವಿ ಫೈಲಿನಲ್ಲೂ ಈ ಮೂರನೇ ಸಾಲಿನದ್ದೇ ಆಟ.

ಬೆಳಿಗ್ಗೆ ನಾನು ಆ ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಎಕ್ಸೆಲ್ ಅದನ್ನು ನನ್ನ ಕಂಪ್ಯೂಟರಿನ ಲೆಕ್ಕದಂತೆ ಕಾಮಾ ಕಂಡಲ್ಲೆಲ್ಲ ಕತ್ತರಿಸಿತು. ಮೊದಲ ಸೆಲ್ಲಿನಲ್ಲಿ `F-101;1`, ಎರಡನೆಯದರಲ್ಲಿ `250;1.284`, ಮೂರನೆಯದರಲ್ಲಿ `60;2.400`. ಇಷ್ಟು ಕೆಟ್ಟಾಗ ಯಾರಿಗಾದರೂ ಗೊತ್ತಾಗುತ್ತದೆ. ನನಗೂ ಗೊತ್ತಾಯಿತು. ಫೈಲಿನ ಮೊದಲ ಸಾಲಾಗಿ ಇದನ್ನು ಸೇರಿಸಿ ಸೇವ್ ಮಾಡಿದೆ:

```
sep=;
```

ಈ ಸಾಲು ಇದ್ದರೆ ಎಕ್ಸೆಲ್ ಸೆಮಿಕೋಲನ್ ಇರುವಲ್ಲಿ ಕಾಲಂ ಬಿಡಿಸುತ್ತದೆ. ನಾಲ್ಕು ಕಾಲಂ ಚೆನ್ನಾಗಿ ಕೂತವು. ಆದರೆ `sep=` ಕಾಲಂ ಬಿಡಿಸುವುದನ್ನು ಮಾತ್ರ ಹೇಳುತ್ತದೆ. ದಶಾಂಶ ಯಾವುದು ಅನ್ನೋದನ್ನು ಅದು ಹೇಳುವುದಿಲ್ಲ. ಅದು ಆಗ ನನ್ನ ತಲೆಗೆ ಬರಲಿಲ್ಲ.

ಕಾಲಂಗಳನ್ನು ನಮ್ಮ ಕಾಸ್ಟಿಂಗ್ ಶೀಟಿಗೆ ಪೇಸ್ಟ್ ಮಾಡಿದ ಕೂಡಲೇ ಬೆಲೆ ಲೆಕ್ಕ ಹಾಕುವ ಕಾಲಂ ಪೂರ್ತಿ `#VALUE!`. ಕಾರಣ ಹುಡುಕುವುದು ಕಷ್ಟ ಆಗಲಿಲ್ಲ. `1.284,60` ಅನ್ನೋದು ನಮ್ಮ ಎಕ್ಸೆಲ್ ಕಣ್ಣಿಗೆ ಸಂಖ್ಯೆಯೇ ಅಲ್ಲ. ಚುಕ್ಕಿ ಆದ ಮೇಲೆ ಕಾಮಾ ಬರುವ ಸಂಖ್ಯೆ ನಮ್ಮಲ್ಲಿ ಇಲ್ಲ. ಹಾಗಾಗಿ ಅದನ್ನು ಅಕ್ಷರ ಅಂತ ಇಟ್ಟುಕೊಂಡಿತು, ಸೆಲ್ಲಿನ ಎಡಕ್ಕೆ ಅಂಟಿಸಿತು. ಅಕ್ಷರವನ್ನು ಗುಣಿಸಲು ಹೋದರೆ `#VALUE!` ಬರಲೇಬೇಕು. ಪಕ್ಕದಲ್ಲಿ ಒಂದು ಕಾಲಂ ಹಾಕಿ ಚುಕ್ಕಿ ತೆಗೆದು, ಕಾಮಾವನ್ನು ಚುಕ್ಕಿ ಮಾಡಿದೆ:

```
=VALUE(SUBSTITUTE(SUBSTITUTE(C2,".",""),",","."))
```

1284.6 ಬಂತು. ಎರರ್ ಎಲ್ಲ ಹೋಯಿತು. ನಾನು ಬೆಲೆ ಕಾಲಂ ಒಂದನ್ನೇ ಸರಿ ಮಾಡಿದೆ, ಯಾಕಂದರೆ ಎರರ್ ತೋರಿಸಿದ್ದು ಅದೊಂದೇ.

ಉಳಿದ ಎರಡು ಕಾಲಂನಲ್ಲಿ ಏನಾಗಿತ್ತು ನೋಡಿ. ತೂಕ `1,250`. ಕಾಮಾ ಆದ ಮೇಲೆ ಸರಿಯಾಗಿ ಮೂರು ಅಂಕಿ. ನಮ್ಮ ಎಕ್ಸೆಲ್‌ಗೆ ಇದು ಒಂದು ಸಾವಿರದ ಇನ್ನೂರೈವತ್ತು. ಖುಷಿಯಿಂದ ಸಂಖ್ಯೆ ಅಂತ ತೆಗೆದುಕೊಂಡಿತು. ಅಷ್ಟೇ ಅಲ್ಲ, ಸಾವಿರದ ಕಾಮಾ ತೋರಿಸುವ ಫಾರ್ಮ್ಯಾಟನ್ನೂ ತಾನೇ ಹಾಕಿಕೊಂಡಿತು. ಹಾಗಾಗಿ ಸೆಲ್ಲಿನಲ್ಲಿ ಕಾಣುವುದು `1,250` ಅಂತಲೇ. ಜರ್ಮನ್ ಫೈಲಿನಲ್ಲಿ ಇದ್ದ ಹಾಗೆಯೇ, ಒಂದು ಅಕ್ಷರವೂ ಬದಲಾಗಿಲ್ಲ ಅನ್ನುವ ಹಾಗೆ. ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿದರೆ ಮಾತ್ರ `1250` ಅಂತ ಇರುತ್ತದೆ. ಇನ್ನು ಸಂಖ್ಯೆ `2.400`. ನಮ್ಮ ಎಕ್ಸೆಲ್‌ಗೆ ಅದು ಎರಡು ಪಾಯಿಂಟ್ ನಾಲ್ಕು. ಕೊನೆಯ ಸೊನ್ನೆಗಳನ್ನು ಬಿಟ್ಟು `2.4` ಅಂತ ತೋರಿಸಿತು.

ಅಂದರೆ ತೂಕ ಸಾವಿರ ಪಟ್ಟು ಹೆಚ್ಚಾಯಿತು, ಸಂಖ್ಯೆ ಸಾವಿರ ಪಟ್ಟು ಕಡಿಮೆಯಾಯಿತು. ಎರಡರಲ್ಲೂ ಎರರ್ ಇಲ್ಲ.

ನಾನು ಚೆಕ್ ಮಾಡಲಿಲ್ಲ ಅಂತಲ್ಲ. ಯಾವಾಗಲೂ ಒಟ್ಟು ತೂಕ ನೋಡುತ್ತೇನೆ, ಯಾಕಂದರೆ ಕಂಟೇನರ್ ಬುಕ್ ಮಾಡುವುದು ಅದರ ಮೇಲೆ. ಜರ್ಮನಿಯವರು ಮೇಲ್‌ನಲ್ಲಿ ಐಟಂವಾರು ಒಟ್ಟು ತೂಕ ಬರೆದಿರುತ್ತಾರೆ. ಮೊದಲನೇ ಐಟಂಗೆ 3 ಟನ್. ನನ್ನ ಶೀಟಿನಲ್ಲಿ ತೂಕ ಇಂಟು ಸಂಖ್ಯೆ: 1250 × 2.4 = 3000. ಸರಿಯಾಗಿ ಹೊಂದಿತು! ಎರಡನೆಯದು 1075 × 1.6 = 1720. ಅದೂ ಹೊಂದಿತು. ಸಾವಿರ ಪಟ್ಟು ಏರಿದ್ದನ್ನು ಸಾವಿರ ಪಟ್ಟು ಇಳಿದದ್ದು ಮುಚ್ಚಿಹಾಕಿತ್ತು. ಆ ತಿಂಗಳು ಹನ್ನೊಂದು ಐಟಂನ ಸಂಖ್ಯೆಯೂ ಸಾವಿರದ ಮೇಲಿತ್ತು. ಒಂದಾದರೂ 640 ಅಂತ ಇದ್ದಿದ್ದರೆ ಅದರಲ್ಲಿ ಚುಕ್ಕಿಯೇ ಇರುತ್ತಿರಲಿಲ್ಲ, 640 ಹಾಗೇ ಉಳಿಯುತ್ತಿತ್ತು, ಆ ಒಂದು ಸಾಲಿನ ತೂಕ ಸಾವಿರ ಪಟ್ಟು ಹೆಚ್ಚಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಅದು ಇರಲಿಲ್ಲ.

ಒಂದು ಕಡೆ ಮಾತ್ರ ಸುಳಿವು ಸಿಕ್ಕಿತ್ತು. ನಮ್ಮ ಶೀಟಿನಲ್ಲಿ ಐಟಂನ ಮೌಲ್ಯದ ಫಾರ್ಮುಲಾ ಬೆಲೆ ಇಂಟು ಸಂಖ್ಯೆ ಭಾಗಿಸು 100. ಮೊದಲ ಸಾಲಿಗೆ 30,830.40 ಯೂರೋ ಬರಬೇಕಿತ್ತು. ಬಂದದ್ದು 30.83. ಇದು ಕಡಿಮೆ ಅಂತ ಕಂಡಿತು. ಸಂಖ್ಯೆ ನೋಡಿದೆ, 2.4 ಇತ್ತು. "ಓ, ಈ ಸಲ ಸಾವಿರದ ಲೆಕ್ಕದಲ್ಲಿ ಕೊಟ್ಟಿದ್ದಾರೆ" ಅಂದುಕೊಂಡೆ. ತೂಕ ನೋಡಿದೆ, 1,250. "ಗ್ರಾಂನಲ್ಲಿ ಕೊಟ್ಟಿದ್ದಾರೆ" ಅಂದುಕೊಂಡೆ. ಗ್ರಾಂ ಇಂಟು ಸಾವಿರ ಪೀಸ್ ಅಂದರೆ ಕೆಜಿಯೇ ಬರುತ್ತದೆ, ಒಟ್ಟು ತೂಕವೂ ಹೊಂದುತ್ತದೆ. ಎಲ್ಲ ಕೂಡಿಬಂತು. ಮೌಲ್ಯದ ಫಾರ್ಮುಲಾಕ್ಕೆ ಒಂದು ಸಾವಿರ ಗುಣಿಸಿ ಸೇರಿಸಿದೆ. ತಪ್ಪು ಡೇಟಾಕ್ಕೆ ಸರಿಹೊಂದುವ ಹಾಗೆ ಸರಿಯಾದ ಫಾರ್ಮುಲಾವನ್ನು ತಿದ್ದಿದೆ. ನನಗೆ ಇಡೀ ಪ್ರಕರಣದಲ್ಲಿ ಇವತ್ತಿಗೂ ಬೇಸರ ಇರುವುದು ಈ ಒಂದು ಜಾಗದ ಬಗ್ಗೆ. ವರ್ಷಗಟ್ಟಲೆ ಕೆಜಿ ಕಳಿಸುತ್ತಿದ್ದವರು ಒಂದು ದಿನ ಹೇಳದೆ ಕೇಳದೆ ಗ್ರಾಂಗೆ ಯಾಕೆ ಹೋಗುತ್ತಾರೆ ಅಂತ ಒಂದು ಫೋನ್ ಮಾಡಿ ಕೇಳಬಹುದಿತ್ತು.

ಪ್ಯಾಕಿಂಗ್ ಶೀಟಿನ ಫಾರ್ಮುಲಾ ಬೇರೆ ಹಾಳೆಯಲ್ಲಿತ್ತು. ಅದನ್ನು ನಾನು ಮುಟ್ಟಲಿಲ್ಲ. ಅದು ಸಂಖ್ಯೆಯನ್ನು ಬಾಕ್ಸಿಗೆ ಹಿಡಿಸುವ 16 ಪೀಸಿನಿಂದ ಭಾಗಿಸಿ ಮೇಲಕ್ಕೆ ಪೂರ್ಣ ಮಾಡುತ್ತದೆ:

```
=ROUNDUP(D2/16,0)
```

2400 ಇದ್ದರೆ 150 ಬಾಕ್ಸ್. 2.4 ಇದ್ದರೆ 1. ಅಣ್ಣ ಹಿಡಿದುಕೊಂಡು ಬಂದದ್ದು ಆ ಕಾಗದವನ್ನೇ. ಅವರಿಗೆ ಎಕ್ಸೆಲ್ ಗೊತ್ತಿಲ್ಲ, ಬಾಕ್ಸ್ ಗೊತ್ತು.

ಆವತ್ತು ಸಂಜೆ ಮೂಲ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎಕ್ಸೆಲ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿದೆ. ನೋಟ್‌ಪ್ಯಾಡ್ ಏನನ್ನೂ ಅರ್ಥ ಮಾಡಿಕೊಳ್ಳಲು ಹೋಗುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. `2.400` ಅಂತ ಕಂಡ ಕೂಡಲೇ ವಿಷಯ ಹೊಳೆಯಿತು. ಯಾರೂ 2.4 ಅನ್ನುವುದನ್ನು ಎರಡು ಸೊನ್ನೆ ಸೇರಿಸಿ ಬರೆಯುವುದಿಲ್ಲ.

ಹೊರದೇಶದ ಫೈಲ್ ತೆರೆದಾಗ ಫಾರ್ಮುಲಾ ಎರರ್ ಬಂದರೆ ಈಗ ನಾನು ನೋಡುವುದು ಎರರ್ ಬಂದ ಕಾಲಂ ಅಲ್ಲ, ಬಾರದ ಕಾಲಂ. ಒಂದು ಕಾಲಂನಲ್ಲಿ ಕೆಲವು ಅಂಕಿ ಎಡಕ್ಕೆ, ಕೆಲವು ಬಲಕ್ಕೆ ಕೂತಿವೆಯಾ ಅಂತ ನೋಡುತ್ತೇನೆ. ಎಡಕ್ಕೆ ಕೂತದ್ದು ಅಕ್ಷರವಾಗಿ ಉಳಿದದ್ದು, ಬಲಕ್ಕೆ ಕೂತದ್ದು ಸಂಖ್ಯೆಯಾಗಿ ಬದಲಾದದ್ದು. ಎಣಿಸಿ ನೋಡುವುದೂ ಸುಲಭ:

```
=SUMPRODUCT(--ISTEXT(C2:C12))
```

ಹನ್ನೊಂದು ಸಾಲಿನ ಬೆಲೆ ಕಾಲಂನಲ್ಲಿ ಉತ್ತರ 11 ಬಂದರೆ ಎಲ್ಲವೂ ಅಕ್ಷರ, ಕೈಯಲ್ಲಿದೆ, ಸರಿ ಮಾಡಬಹುದು. 0 ಬಂದರೆ ಎಲ್ಲವೂ ಆಗಲೇ ಸಂಖ್ಯೆಯಾಗಿವೆ, ಯಾವ ಲೆಕ್ಕದಲ್ಲಿ ಆದವು ಅಂತ ಮೂಲದ ಜೊತೆ ಹೋಲಿಸಬೇಕು. ಮಧ್ಯದ ಯಾವುದಾದರೂ ಸಂಖ್ಯೆ ಬಂದರೆ ಎಕ್ಸೆಲ್ ಅಲ್ಲಲ್ಲಿ ಊಹೆ ಮಾಡಿದೆ ಅಂತ ಅರ್ಥ. ಆಗ ಆ ಹಾಳೆಯನ್ನು ಬಿಟ್ಟು ಮೂಲ ಫೈಲಿಗೇ ವಾಪಸ್ ಹೋಗುತ್ತೇನೆ. ಒಮ್ಮೆ 2.4 ಆಗಿ ಹೋದದ್ದು ಮೊದಲು `2.400` ಇತ್ತಾ, `2.4` ಇತ್ತಾ ಅಂತ ಸೆಲ್ ನೋಡಿ ಹೇಳಲು ಆಗುವುದಿಲ್ಲ.

ಎಕ್ಸೆಲ್ 2013ರಿಂದ `NUMBERVALUE` ಅನ್ನುವ ಫಂಕ್ಷನ್ ಇದೆ. ನನ್ನ ಎರಡು `SUBSTITUTE` ಕೆಲಸವನ್ನು ಇದೊಂದೇ ಮಾಡುತ್ತದೆ. ಮೊದಲು ಅಕ್ಷರ, ಆಮೇಲೆ ದಶಾಂಶ ಚಿಹ್ನೆ, ಆಮೇಲೆ ಸಾವಿರದ ಚಿಹ್ನೆ:

```
=NUMBERVALUE(C2,",",".")
```

ಯಾವ ದೇಶದ ಕಂಪ್ಯೂಟರಿನಲ್ಲಿ ತೆರೆದರೂ `1.284,60` ಅನ್ನು 1284.6 ಅಂತಲೇ ಓದುತ್ತದೆ, ಯಾಕಂದರೆ ಚಿಹ್ನೆಗಳನ್ನು ನಾವೇ ಹೇಳಿಕೊಟ್ಟಿದ್ದೇವೆ. `VALUE` ಹಾಗಲ್ಲ. ಅದು ತಾನಿರುವ ಕಂಪ್ಯೂಟರಿನ ಸೆಟ್ಟಿಂಗ್ ನೋಡುತ್ತದೆ. ನನ್ನ ಹಳೆಯ ಫಾರ್ಮುಲಾವನ್ನು ಜರ್ಮನಿಯಲ್ಲಿ ತೆರೆದರೆ ಅದೇ ಕೈಕೊಡುತ್ತದೆ. ಆದರೆ `NUMBERVALUE` ಕೂಡ ಸೆಲ್ಲಿನಲ್ಲಿ ಇನ್ನೂ ಅಕ್ಷರ ಇದ್ದಾಗ ಮಾತ್ರ ಉಪಯೋಗ. ಆಗಲೇ 1250 ಆದ ತೂಕಕ್ಕೆ ಹಾಕಿದರೆ 1250 ಅನ್ನೇ ವಾಪಸ್ ಕೊಡುತ್ತದೆ.

ಹಾಗಾಗಿ ಈಗ ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡುವುದನ್ನೇ ಬಿಟ್ಟಿದ್ದೇನೆ. ಖಾಲಿ ವರ್ಕ್‌ಬುಕ್ ತೆರೆದು `Data` ಟ್ಯಾಬಿನಲ್ಲಿ `From Text/CSV` ಒತ್ತಿ ಫೈಲ್ ಆರಿಸುತ್ತೇನೆ. ಮುನ್ನೋಟದ ಕಿಟಕಿಯಲ್ಲಿ `Delimiter` ಸೆಮಿಕೋಲನ್. `Data Type Detection` ಅನ್ನುವಲ್ಲಿ `Do not detect data types` ಆರಿಸುತ್ತೇನೆ. ಇದು ಬಹಳ ಮುಖ್ಯ. ಇಲ್ಲಿ ಎಕ್ಸೆಲ್‌ಗೆ ಊಹೆ ಮಾಡಬೇಡ ಅಂತ ಹೇಳುತ್ತಿದ್ದೇವೆ. ಎಲ್ಲ ಕಾಲಂ ಅಕ್ಷರವಾಗಿಯೇ ಬರುತ್ತವೆ. ನಂತರ `Transform Data` ಒತ್ತಿದರೆ ಪವರ್ ಕ್ವೆರಿ ತೆರೆಯುತ್ತದೆ. ಕೆಲವೊಮ್ಮೆ ಹೆಡ್ಡಿಂಗ್ ಸಾಲೂ ಡೇಟಾದ ಜೊತೆ ಸೇರಿರುತ್ತದೆ, ಆಗ `Use First Row as Headers` ಒತ್ತಬೇಕು. ಆಮೇಲೆ ಅಂಕಿ ಇರುವ ಮೂರು ಕಾಲಂ ಆರಿಸಿ, ಹೆಡ್ಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ `Change Type`, ಅದರ ಕೊನೆಯಲ್ಲಿ ಇರುವ `Using Locale`. ಟೈಪ್ `Decimal Number`, ಲೊಕೇಲ್ `German (Germany)`. ಓಕೆ ಕೊಟ್ಟ ಕೂಡಲೇ 1.25, 1284.6, 2400 ಅಂತ ಬಂದು ಕೂರುತ್ತವೆ. ಫಾರ್ಮುಲಾ ಬಾರಿನಲ್ಲಿ ನೋಡಿದರೆ ಆ ಹೆಜ್ಜೆಯ ಕೊನೆಯಲ್ಲಿ `"de-DE"` ಅಂತ ಇರುತ್ತದೆ. ಅದು ಇದ್ದರೆ ನೆಮ್ಮದಿ. ಈ ಹೆಜ್ಜೆಗಳು ವರ್ಕ್‌ಬುಕ್ಕಿನಲ್ಲೇ ಉಳಿಯುತ್ತವೆ. ಮುಂದಿನ ತಿಂಗಳ ಫೈಲನ್ನು ಅದೇ ಫೋಲ್ಡರಿನಲ್ಲಿ ಅದೇ ಹೆಸರಲ್ಲಿ ಇಟ್ಟು `Refresh` ಒತ್ತಿದರೆ ಸಾಕು.

"ಇಷ್ಟೆಲ್ಲ ಯಾಕೆ, ವಿಂಡೋಸ್ ರೀಜನ್ ಅನ್ನೇ ಜರ್ಮನ್ ಮಾಡಿಬಿಡಿ" ಅಂತ ಪಕ್ಕದ ಸೀಟಿನವರು ಹೇಳಿದರು. ಅದನ್ನೂ ಅರ್ಧ ದಿನ ಮಾಡಿ ನೋಡಿದೆ. ಜರ್ಮನ್ ಫೈಲ್ ಡಬಲ್ ಕ್ಲಿಕ್ಕಿಗೇ ಚೆನ್ನಾಗಿ ತೆರೆಯಿತು. ಆದರೆ ಆ ಸೆಟ್ಟಿಂಗ್ ಒಂದು ಫೈಲಿನದ್ದಲ್ಲ, ಇಡೀ ಕಂಪ್ಯೂಟರಿನದ್ದು. ಮಧ್ಯಾಹ್ನ ಬ್ಯಾಂಕಿನ ಸಿಎಸ್‌ವಿ ತೆರೆದರೆ ಎಲ್ಲ ಒಂದೇ ಕಾಲಂನಲ್ಲಿ ಸೇರಿಕೊಂಡಿತ್ತು. ಒಂದು ರೇಟ್ ಪಟ್ಟಿಯಿಂದ `3.12` ಪೇಸ್ಟ್ ಮಾಡಿದರೆ ಅದು ಡಿಸೆಂಬರ್ 3 ಆಯಿತು! ಜರ್ಮನಿಯಲ್ಲಿ ತಾರೀಕು ಬರೆಯುವುದು ಚುಕ್ಕಿ ಹಾಕಿ, ಅದಕ್ಕೆ. ದಿನವಿಡೀ ಇಲ್ಲಿನ ಫೈಲ್ ನೋಡುವವರು ತಿಂಗಳಿಗೊಂದು ಜರ್ಮನ್ ಫೈಲಿಗಾಗಿ ಹಾಗೆ ಮಾಡಬಾರದು. ಎಕ್ಸೆಲ್ ಒಳಗೆ `File`, `Options`, `Advanced` ನಲ್ಲಿ `Use system separators` ಅನ್ನುವ ಟಿಕ್ ತೆಗೆದು ಚಿಹ್ನೆ ಬದಲಾಯಿಸಬಹುದು. ಅದು ಎಕ್ಸೆಲ್‌ಗೆ ಮಾತ್ರ ಅನ್ವಯ, ಆದರೆ ಅದೂ ಫೈಲಿನ ಜೊತೆ ಹೋಗುವುದಿಲ್ಲ. ವಾಪಸ್ ಹಾಕಲು ಮರೆತರೆ ಮರುದಿನ ಬೇರೆ ಫೈಲ್ ಕೆಡುತ್ತದೆ.

ಈಗ ಒಂದು ಪ್ರಶ್ನೆ ಏಳುತ್ತದೆ. ಅದೇ ಜರ್ಮನಿಯವರು ಎಕ್ಸೆಲ್ ಫೈಲನ್ನೇ, ಅಂದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಕಳಿಸಿದಾಗ ಯಾಕೆ ಏನೂ ಕೆಡುವುದಿಲ್ಲ? ಅವರು ಅಲ್ಲಿ `=WENN(D2>=1000;C2*0,97;C2)` ಅಂತ ಬರೆದದ್ದು ನನ್ನ ಬಳಿ ತೆರೆದಾಗ `=IF(D2>=1000,C2*0.97,C2)` ಅಂತ ಕಾಣುತ್ತದೆ. ಕಾರಣ, ಆ ಫೈಲಿನ ಒಳಗೆ ಫಾರ್ಮುಲಾ ಯಾವಾಗಲೂ ಒಂದೇ ರೂಪದಲ್ಲಿ ಇರುತ್ತದೆ: ಇಂಗ್ಲಿಷ್ ಹೆಸರು, ಕಾಮಾ, ದಶಾಂಶಕ್ಕೆ ಚುಕ್ಕಿ. ನಂಬಿಕೆ ಬಾರದಿದ್ದರೆ ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಯನ್ನು `.zip` ಅಂತ ಬದಲಾಯಿಸಿ, ಒಳಗೆ `xl/worksheets/sheet1.xml` ತೆರೆದು ನೋಡಿ. ಹೀಗೆ ಇರುತ್ತದೆ:

```
<f>IF(D2&gt;=1000,C2*0.97,C2)</f>
```

ತೋರಿಸುವಾಗ ಮಾತ್ರ ಆಯಾ ಕಂಪ್ಯೂಟರಿನ ಭಾಷೆಗೆ, ಸೆಟ್ಟಿಂಗಿಗೆ ತಕ್ಕಂತೆ ವೇಷ ಬದಲಾಗುತ್ತದೆ. ಅಂಕಿಗಳೂ ಹಾಗೆಯೇ. ಹಾಗಾಗಿ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಗಡಿ ದಾಟಿದರೆ ಸೆಲ್ಲಿನ ಅಂಕಿ, ಫಾರ್ಮುಲಾ ಎರಡೂ ಸುರಕ್ಷಿತ. ಆದರೆ ಫಾರ್ಮುಲಾದ ಒಳಗೆ ಉದ್ಧರಣ ಚಿಹ್ನೆಯ ಮಧ್ಯೆ ಬರೆದದ್ದನ್ನು ಎಕ್ಸೆಲ್ ಮುಟ್ಟುವುದಿಲ್ಲ. ಅದು ಬರೆದ ಹಾಗೆಯೇ ಹೋಗುತ್ತದೆ.

ಇದು ನಮ್ಮ ಕಡೆಯಿಂದ ಅವರಿಗೆ ಹೋದ ಶೀಟಿನಲ್ಲಿ ಕೈಕೊಟ್ಟಿತು. ಡಿಸ್ಪ್ಯಾಚ್ ತಾರೀಕನ್ನು ನಾನು `=TEXT(B2,"dd-mm-yyyy")` ಅಂತ ಹಾಕಿದ್ದೆ. ಅವರ ಎಕ್ಸೆಲ್ ಜರ್ಮನ್ ಭಾಷೆಯದ್ದು. ಅಲ್ಲಿ ವರ್ಷಕ್ಕೆ `y` ಅಲ್ಲ, `J`. ಹಾಗಾಗಿ ವರ್ಷ ಇರಬೇಕಾದ ಜಾಗದಲ್ಲಿ "yyyy" ಅಂತ ಅಕ್ಷರವೇ ಕಂಡಿತು ಅಂತ ಅಲ್ಲಿಂದ ಮೇಲ್ ಬಂತು. ಈಗ ತಾರೀಕನ್ನು ತಾರೀಕಾಗಿಯೇ ಬಿಟ್ಟು ಸೆಲ್ ಫಾರ್ಮ್ಯಾಟ್ ಹಾಕುತ್ತೇನೆ. ಸೆಲ್ ಫಾರ್ಮ್ಯಾಟ್ ಅಲ್ಲಿ ಹೋದಾಗ ತಾನೇ ಬದಲಾಗುತ್ತದೆ. `COUNTIF` ನಲ್ಲೂ ಇದೇ ಕಥೆ. `">1.5"` ಅಂತ ಉದ್ಧರಣದ ಒಳಗೆ ಬರೆದರೆ ಅದು ಅಕ್ಷರ. 1.5 ಅನ್ನು ಒಂದು ಸೆಲ್ಲಿನಲ್ಲಿಟ್ಟು `">"&F1` ಅಂತ ಬರೆದರೆ ಎರಡೂ ಕಡೆ ಸರಿಯಾಗಿ ಎಣಿಸುತ್ತದೆ.

ಕೊನೆಯದಾಗಿ ಮೇಲ್‌ನಲ್ಲಿ ಬರುವ ಫಾರ್ಮುಲಾಗಳು. ಅಲ್ಲಿನವರು "ಹ್ಯಾಂಡ್ಲಿಂಗ್ ಚಾರ್ಜ್ ಹೀಗೆ ಲೆಕ್ಕ ಹಾಕಿ" ಅಂತ ಒಂದು ಸಾಲು ಬರೆದು ಕಳಿಸಿದ್ದರು. ಮೌಲ್ಯದ 3 ಶೇಕಡಾ, ಕನಿಷ್ಠ 25 ಯೂರೋ:

```
=MAX(E2*0,03;25)
```

ಇದನ್ನು ಹಾಗೇ ಪೇಸ್ಟ್ ಮಾಡಿದರೆ ನಮ್ಮ ಎಕ್ಸೆಲ್ ಫಾರ್ಮುಲಾದಲ್ಲಿ ತೊಂದರೆ ಇದೆ ಅಂತ ಹೇಳಿ ತೆಗೆದುಕೊಳ್ಳುವುದೇ ಇಲ್ಲ. ಆಗ ಎಲ್ಲರೂ ಮಾಡುವುದು ಸೆಮಿಕೋಲನ್ ತೆಗೆದು ಕಾಮಾ ಹಾಕುವುದು. ನಮ್ಮ ಟ್ರೇನಿ ಹುಡುಗಿಯೂ ಹಾಗೆ ಮಾಡಿದಳು. `=MAX(E2*0,03,25)`. ಎಕ್ಸೆಲ್ ಒಪ್ಪಿಕೊಂಡಿತು. ಎಲ್ಲ ಸಾಲಿನಲ್ಲೂ 25 ಬಂತು. "ಅಕ್ಕಾ, ಎಲ್ಲದಕ್ಕೂ ಕನಿಷ್ಠ ಚಾರ್ಜೇ ಬಿದ್ದಿದೆ" ಅಂತ ತಂದು ತೋರಿಸಿದಳು.

30,830 ಯೂರೋದ 3 ಶೇಕಡಾ 25 ಆಗುವುದಿಲ್ಲ. ಏನಾಗಿತ್ತು ಅಂದರೆ ದಶಾಂಶದ ಕಾಮಾವೂ ಇಲ್ಲಿ ಬಿಡಿಸುವ ಕಾಮಾ ಆಗಿತ್ತು. ಮೌಲ್ಯ ಇಂಟು ಸೊನ್ನೆ ಒಂದು, 3 ಇನ್ನೊಂದು, 25 ಮತ್ತೊಂದು. ಈ ಮೂರರಲ್ಲಿ ದೊಡ್ಡದು 25. `IF` ಅಥವಾ `ROUND` ಆಗಿದ್ದರೆ ಒಳಗೆ ಒಂದು ಅಂಶ ಜಾಸ್ತಿ ಆಯಿತು ಅಂತ ಎಕ್ಸೆಲ್ ತಡೆಯುತ್ತಿತ್ತು, ಯಾಕಂದರೆ ಅವುಗಳಿಗೆ ಇಷ್ಟೇ ಅಂಶ ಅಂತ ಲೆಕ್ಕವಿದೆ. `MAX`, `MIN`, `SUM`, `AVERAGE` ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತವೆ. ಸುಮ್ಮನೆ ತಪ್ಪು ಉತ್ತರ ಕೊಡುತ್ತವೆ.

ಕ್ರಮ ಹೀಗಿರಬೇಕು ಅಂತ ಅವಳಿಗೆ ತೋರಿಸಿದೆ. ಮೊದಲು ಅಂಕಿಯೊಳಗಿನ ಕಾಮಾ ಹುಡುಕಿ ಚುಕ್ಕಿ ಮಾಡು, `0,03` ಅನ್ನು `0.03`. ಆಮೇಲೆ ಸೆಮಿಕೋಲನ್‌ಗಳನ್ನು ಕಾಮಾ ಮಾಡು. ಉಲ್ಟಾ ಮಾಡಿದರೆ ಯಾವ ಕಾಮಾ ಯಾವುದು ಅಂತ ಮತ್ತೆ ಗೊತ್ತಾಗುವುದಿಲ್ಲ. `=MAX(E2*0.03,25)` ಹಾಕಿದ ಮೇಲೆ ಮೊದಲ ಸಾಲಿನಲ್ಲಿ 924.91 ಬಂತು.

ಜರ್ಮನಿಯವರಿಗೂ ಬರೆದೆವು. ಅವರ ಸಾಫ್ಟ್‌ವೇರಿನಿಂದ ಸಿಎಸ್‌ವಿ ಬಿಟ್ಟು ಬೇರೆ ಬರುವುದಿಲ್ಲ, ಆದರೆ ಸಾವಿರದ ಚುಕ್ಕಿಯನ್ನು ತೆಗೆದು ಕಳಿಸಲು ಒಪ್ಪಿದರು. ಈಗ ಸಂಖ್ಯೆ ಕಾಲಂನಲ್ಲಿ `2400` ಅಂತಲೇ ಬರುತ್ತದೆ. ತೂಕದ ಕಾಮಾ ಹಾಗೇ ಇದೆ, ಅದನ್ನು ಪವರ್ ಕ್ವೆರಿ ನೋಡಿಕೊಳ್ಳುತ್ತದೆ. ಶೀಟಿನ ಮೇಲ್ಭಾಗದಲ್ಲಿ ಒಟ್ಟು ತೂಕದ ಪಕ್ಕದಲ್ಲೇ ಇನ್ನೆರಡು ಸೆಲ್ ಸೇರಿಸಿದ್ದೇನೆ. ಒಂದರಲ್ಲಿ ಅತಿ ಹೆಚ್ಚಿನ ಪೀಸ್ ತೂಕ, ಇನ್ನೊಂದರಲ್ಲಿ ಅತಿ ಕಡಿಮೆ ಸಂಖ್ಯೆ. ನಮ್ಮ ಯಾವ ಪಾರ್ಟೂ 10 ಕೆಜಿ ದಾಟುವುದಿಲ್ಲ, ಯಾವ ಆರ್ಡರೂ 100 ಪೀಸಿಗಿಂತ ಕಡಿಮೆ ಇರುವುದಿಲ್ಲ. ಅದನ್ನು ಮೀರಿದರೆ ಸೆಲ್ ಕೆಂಪಾಗುತ್ತದೆ. ಬಾಕ್ಸ್ ಆರ್ಡರ್ ಕಾಗದ ಈಗಲೂ ಮೊದಲು ಸ್ಟೋರ್ಸಿನ ಅಣ್ಣನ ಮೇಜಿಗೆ ಹೋಗಿ, ಅವರ ಸಹಿ ಆದ ಮೇಲೆಯೇ ಪರ್ಚೇಸಿಗೆ ಹೋಗುತ್ತದೆ.